ಸಾವಿರ ಗಜದ ಗುರಿಗೆ ಕೈಯಾರೆ ತುಂಬಿದ ತೋಟೆ

ಎಫ್-ಕ್ಲಾಸ್ ಎಂಬ ರೈಫಲ್ ಸ್ಪರ್ಧೆಯಲ್ಲಿ ಗುರಿಹಲಗೆ ಸಾವಿರ ಗಜ, ಅಂದರೆ 914 ಮೀಟರ್ ದೂರದಲ್ಲಿರುತ್ತದೆ. ಹಲಗೆಯ ನಡುವೆ ಹತ್ತು ಅಂಕದ ವೃತ್ತವಿದೆ. ಅದರ ಅಡ್ಡಳತೆ ಸುಮಾರು 25 ಸೆಂಟಿಮೀಟರ್. ಅದರೊಳಗೆ ಅರ್ಧದಷ್ಟು ಅಳತೆಯ ಎಕ್ಸ್ ವೃತ್ತವಿದ್ದು, ಅಂಕಗಳು ಸಮವಾದಾಗ ಅಲ್ಲಿ ಬಿದ್ದ ಗುಂಡುಗಳ ಲೆಕ್ಕದಿಂದ ಗೆಲುವು ತೀರ್ಮಾನವಾಗುತ್ತದೆ. ಕಣ್ಣು ಮಂಜಾದ ಹಿರಿಯ ಶೂಟರ್‌ಗಳೂ ದೂರದರ್ಶಕ ಮತ್ತು ಆಸರೆಯ ನೆರವಿನಿಂದ ಆಟದಲ್ಲಿ ಉಳಿಯಲಿ ಎಂದು ಕೆನಡಾದ ಜಾರ್ಜ್ ಫಾರ್ಕ್‌ಹರ್ಸನ್ ಆರಂಭಿಸಿದ ಸ್ಪರ್ಧೆಯಿದು. ಹೆಸರಿನಲ್ಲಿರುವ ‘ಎಫ್’ ಅವರದೇ. ಇಂದು ಅದಕ್ಕೆ ವಿಶ್ವ ಚಾಂಪಿಯನ್‌ಶಿಪ್ ಇದೆ. 2013ರಲ್ಲಿ ಅದು ಅಮೆರಿಕದ ನ್ಯೂ ಮೆಕ್ಸಿಕೊದ ರಾಟನ್‌ನಲ್ಲಿ, 2017ರಲ್ಲಿ ಕೆನಡಾದ ಒಟ್ಟಾವಾ ಬಳಿ ನಡೆಯಿತು. ಎಫ್-ಟಿಆರ್ ಎಂಬ ಇದರ ಒಂದು ವಿಭಾಗದಲ್ಲಿ ರೈಫಲ್‌ಗೆ ಎರಡು ಕಾಲಿನ ಆಸರೆ ಇರುತ್ತದೆ, ಬಳಸುವ ತೋಟೆ .308 ವಿಂಚೆಸ್ಟರ್ ಅಥವಾ .223 ರೆಮಿಂಗ್ಟನ್ ಮಾತ್ರ. ಎಲ್ಲರದೂ ಹೆಚ್ಚುಕಡಿಮೆ ಒಂದೇ ಬಗೆಯ ತೋಟೆಯಾದರೂ, ಅಂಗಡಿಯಲ್ಲಿ ಕೊಂಡ ತೋಟೆಯನ್ನು ಹಿಡಿದು ಸಾಲಿನಲ್ಲಿ ಮಲಗುವವರು ಅಪರೂಪ. ಬಹುತೇಕ ಎಲ್ಲರೂ ತಮ್ಮ ತೋಟೆಯನ್ನು ಮನೆಯ ಮೇಜಿನ ಮೇಲೆ ಒಂದೊಂದಾಗಿ ತಾವೇ ತುಂಬಿಕೊಂಡು ಬಂದಿರುತ್ತಾರೆ.

ಒಂದು ತೋಟೆಯಲ್ಲಿ ನಾಲ್ಕು ಭಾಗಗಳಿವೆ. ಹೊರಗಿನ ಹಿತ್ತಾಳೆ ಕೊಳವೆ. ಅದರ ಬುಡದಲ್ಲಿ ಕೂರುವ ಪುಟ್ಟ ಕೇಪು. ಒಳಗೆ ಹೊಗೆಯಿಲ್ಲದ ಮದ್ದು. ಕೊಳವೆಯ ಬಾಯಲ್ಲಿ ಬಿಗಿಯಾಗಿ ಕುಳಿತ ಗುಂಡು. ಕುದುರೆ ಎಳೆದಾಗ ಸೂಜಿ ಕೇಪನ್ನು ಹೊಡೆಯುತ್ತದೆ, ಕೇಪಿನ ಕಿಡಿ ಮದ್ದಿಗೆ ಹತ್ತುತ್ತದೆ, ಮದ್ದು ಉರಿದು ಹುಟ್ಟಿದ ಅನಿಲ ಗುಂಡನ್ನು ನಳಿಗೆಯ ಮೂಲಕ ನೂಕುತ್ತದೆ. ಗುಂಡು ಹೋದ ಮೇಲೂ ಹಿತ್ತಾಳೆ ಕೊಳವೆ ಉಳಿಯುತ್ತದೆ. ಅದರ ಹಳೆಯ ಕೇಪನ್ನು ತೆಗೆದು, ಹಿಗ್ಗಿದ ಮೈಯನ್ನು ಅಚ್ಚಿನಲ್ಲಿ ಒತ್ತಿ ಅಳತೆಗೆ ತಂದು, ಹೊಸ ಕೇಪು, ಮದ್ದು, ಗುಂಡು ಕೂರಿಸಿದರೆ ತೋಟೆ ಮತ್ತೆ ಸಿದ್ಧ. ಒಳ್ಳೆಯ ಕೊಳವೆಯನ್ನು ಹೀಗೆ ಹಲವಾರು ಸಲ ಬಳಸಬಹುದು. ಹಣದ ಉಳಿತಾಯಕ್ಕಾಗಿ ಈ ಕೆಲಸ ಮಾಡುವವರೂ ಇದ್ದಾರೆ. ಗುರಿಕಾರರ ಮುಖ್ಯ ಕಾರಣ ಮಾತ್ರ ಬೇರೆ.

ಕಾರ್ಖಾನೆ ತೋಟೆ ಕೆಟ್ಟದ್ದೆಂದಲ್ಲ. ಸ್ಪರ್ಧೆಗೆಂದೇ ಮಾಡಿದ ಕಂಪನಿ ತೋಟೆಗಳು ಇಂದು ತುಂಬ ಚೆನ್ನಾಗಿವೆ. ಆದರೆ ಕಾರ್ಖಾನೆಯ ತೋಟೆ ಆ ಅಳತೆಯ ಎಲ್ಲ ರೈಫಲ್‌ಗಳಲ್ಲೂ ಹಿಡಿಸಬೇಕು. ಯಾರದೋ ರೈಫಲ್‌ನ ಚೇಂಬರ್ ಬಿಗಿಯಾಗಿರುತ್ತದೆ, ಇನ್ನೊಬ್ಬರದು ಸಡಿಲವಾಗಿರುತ್ತದೆ; ಎಲ್ಲಿಯೂ ಸಿಕ್ಕಿಹಾಕಿಕೊಳ್ಳದಂತೆ ತೋಟೆಯನ್ನು ಕನಿಷ್ಠ ಅಳತೆಗೆ ಮಾಡುತ್ತಾರೆ. ಮ್ಯಾಗಜಿನ್‌ನಲ್ಲಿ ಕೂರಬೇಕಾದ್ದರಿಂದ ಉದ್ದಕ್ಕೂ ಮಿತಿಯಿದೆ. ಹೀಗಾಗಿ ಅಂಥ ತೋಟೆ ಚೇಂಬರಿನಲ್ಲಿ ಕೊಂಚ ಸಡಿಲವಾಗಿ, ತುಸು ಓರೆಯಾಗಿ ಕೂರುವ ಸಾಧ್ಯತೆ ಇರುತ್ತದೆ. ಗುಂಡಿನ ತುದಿಗೂ ನಳಿಗೆಯೊಳಗಿನ ಸುರುಳಿ ಗೆರೆಗಳಿಗೂ ನಡುವೆ ಬೇಕಾದ್ದಕ್ಕಿಂತ ಹೆಚ್ಚು ಅಂತರ ಉಳಿಯುತ್ತದೆ. ಕೈಯಾರೆ ತುಂಬುವವರು ಒಂದೇ ರೈಫಲ್‌ಗೆ ಹೊಂದಿಸಿದರೆ ಸಾಕು. ಅದೇ ಚೇಂಬರಿನಲ್ಲಿ ಸಿಡಿದು ಅದರ ಆಕಾರಕ್ಕೆ ಬಂದ ಕೊಳವೆಯನ್ನು ಅವರು ಮತ್ತೆ ಬಳಸುತ್ತಾರೆ. ಅದರ ಭುಜವನ್ನು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದಷ್ಟು ಮಾತ್ರ ಹಿಂದಕ್ಕೆ ಒತ್ತುತ್ತಾರೆ, ಗುಂಡನ್ನು ಆ ನಳಿಗೆಗೆ ಒಪ್ಪುವ ಆಳದಲ್ಲಿ ಕೂರಿಸುತ್ತಾರೆ. ಇದು ಕೈ ತುಂಬುವಿಕೆಯ ಅರ್ಧ ಲಾಭ. ಉಳಿದರ್ಧ ಇರುವುದು ಪ್ರತಿ ತೋಟೆಯೂ ಹಿಂದಿನದರಂತೆಯೇ ಇರುವುದರಲ್ಲಿ. ಸಾವಿರ ಗಜದಲ್ಲಿ ಈ ಎರಡನೆಯದೇ ಹೆಚ್ಚು ಕಾಡುತ್ತದೆ.

ಅದು ಏಕೆಂದು ತಿಳಿಯಲು ಗುಂಡಿನ ಹಾದಿಯನ್ನು ನೋಡಬೇಕು. ಎಫ್-ಟಿಆರ್‌ನಲ್ಲಿ ಬಳಸುವ .308 ಗುಂಡುಗಳಲ್ಲಿ 185 ಗ್ರೇನ್, ಅಂದರೆ ಸುಮಾರು 12 ಗ್ರಾಂ ತೂಕದ್ದು ಸಾಮಾನ್ಯ. ಅದು ನಳಿಗೆಯಿಂದ ಸೆಕೆಂಡಿಗೆ ಸುಮಾರು 810 ಮೀಟರ್ ವೇಗದಲ್ಲಿ ಹೊರಡುತ್ತದೆ ಎಂದಿಟ್ಟುಕೊಳ್ಳೋಣ. ಗಾಳಿಯ ತಡೆಯಿಂದ ವೇಗ ಕಳೆದುಕೊಳ್ಳುತ್ತ ಸಾವಿರ ಗಜ ಮುಟ್ಟಲು ಅದಕ್ಕೆ ಒಂದೂವರೆ ಸೆಕೆಂಡಿಗಿಂತ ತುಸು ಹೆಚ್ಚು ಹಿಡಿಯುತ್ತದೆ. ಅಷ್ಟು ಹೊತ್ತೂ ಭೂಮಿ ಅದನ್ನು ಕೆಳಗೆಳೆಯುತ್ತಲೇ ಇರುತ್ತದೆ. ನಳಿಗೆಯ ನೇರ ಗೆರೆಗಿಂತ ಗುಂಡು ಒಟ್ಟು ಸುಮಾರು 10 ಮೀಟರ್ ಕೆಳಗೆ ಬಂದಿರುತ್ತದೆ. ದೂರದರ್ಶಕವನ್ನು ಹೊಂದಿಸಿ ನಳಿಗೆಯನ್ನು ಅಷ್ಟು ಮೇಲಕ್ಕೆ ತೋರಿಸಿದರೆ ಈ ಕುಸಿತ ಸರಿಹೋಗುತ್ತದೆ. ಪ್ರತಿ ಗುಂಡೂ ಅಷ್ಟೇ ಕುಸಿಯುವುದಾದರೆ ತೊಂದರೆಯಿಲ್ಲ.

ಈಗ ಒಂದು ಗುಂಡು ಸೆಕೆಂಡಿಗೆ 3 ಮೀಟರ್ ಕಡಿಮೆ ವೇಗದಲ್ಲಿ ಹೊರಟಿತು ಎನ್ನೋಣ. ಅದು 810ರಲ್ಲಿ ಶೇಕಡಾ 0.37ರಷ್ಟು ವ್ಯತ್ಯಾಸ. ಕುಸಿತವು ಹಾರಾಟದ ಸಮಯದ ವರ್ಗವನ್ನು ಅನುಸರಿಸುವುದರಿಂದ ಸ್ಥೂಲವಾಗಿ ಇದರ ಎರಡರಷ್ಟು, ಅಂದರೆ ಶೇಕಡಾ 0.75ರಷ್ಟು ಹೆಚ್ಚುತ್ತದೆ. ಹತ್ತು ಮೀಟರಿನ ಕುಸಿತದಲ್ಲಿ ಅದು ಏಳೂವರೆ ಸೆಂಟಿಮೀಟರ್. ಇದನ್ನೇ ಲೆಕ್ಕಕ್ಕೆ ಸುಲಭವಾಗುವಂತೆ ಹೇಳಿದರೆ, ವೇಗದಲ್ಲಿ ಸೆಕೆಂಡಿಗೆ 1 ಮೀಟರ್ ವ್ಯತ್ಯಾಸವಾದರೆ ಹಲಗೆಯ ಮೇಲೆ ಎರಡೂವರೆ ಸೆಂಟಿಮೀಟರ್ ಮೇಲೆ ಕೆಳಗೆ. ಹತ್ತು ಅಂಕದ ವೃತ್ತದ ಅಡ್ಡಳತೆ 25 ಸೆಂಟಿಮೀಟರ್ ತಾನೇ? ಅತಿ ವೇಗದ ಗುಂಡಿಗೂ ಅತಿ ನಿಧಾನದ ಗುಂಡಿಗೂ ಸೆಕೆಂಡಿಗೆ 10 ಮೀಟರ್ ವ್ಯತ್ಯಾಸವಿದ್ದರೆ, ಶೂಟರ್ ಒಂದಿಷ್ಟೂ ಅಲುಗಾಡದಿದ್ದರೂ, ಗಾಳಿ ಪೂರ್ತಿ ನಿಂತಿದ್ದರೂ, ವೃತ್ತದ ಎತ್ತರವೆಲ್ಲ ತೋಟೆಯ ತಪ್ಪಿಗೇ ಖರ್ಚಾಗಿಬಿಡುತ್ತದೆ.

ವೇಗವನ್ನು ಬದಲಿಸುವ ಕಾರಣಗಳಲ್ಲಿ ಶೂಟರ್‌ನ ಕೈಗೆ ನೇರವಾಗಿ ಸಿಗುವುದು ಮದ್ದಿನ ತೂಕ. ಹೊಗೆಯಿಲ್ಲದ ಮದ್ದು ಪುಟ್ಟ ಪುಟ್ಟ ಕಡ್ಡಿಚೂರುಗಳ ಅಥವಾ ದುಂಡುಕಾಳುಗಳ ರೂಪದಲ್ಲಿರುತ್ತದೆ. ಪ್ರತಿ ಕಾಳೂ ಮೇಲ್ಮೈಯಿಂದ ಒಳಕ್ಕೆ ಉರಿಯುತ್ತದೆ. ಸುತ್ತಲಿನ ಒತ್ತಡ ಏರಿದಷ್ಟೂ ಆ ಉರಿ ಚುರುಕಾಗುತ್ತದೆ. ಮದ್ದು ಕೊಂಚ ಹೆಚ್ಚಾದರೆ ಅನಿಲ ಹೆಚ್ಚುತ್ತದೆ, ಒತ್ತಡ ಏರುತ್ತದೆ, ಒತ್ತಡ ಏರಿದ್ದರಿಂದ ಉಳಿದ ಮದ್ದು ಇನ್ನೂ ಬೇಗ ಉರಿಯುತ್ತದೆ. ಹಾಗಾಗಿ ಒತ್ತಡದ ಏರಿಕೆ ಮದ್ದಿನ ಏರಿಕೆಗೆ ಸಮಪ್ರಮಾಣದಲ್ಲಿರುವುದಿಲ್ಲ, ಅದಕ್ಕಿಂತ ಹೆಚ್ಚಿರುತ್ತದೆ. .308ರ ಚೇಂಬರಿನಲ್ಲಿ ಒತ್ತಡ ವಾತಾವರಣದ ಒತ್ತಡದ ಸುಮಾರು ನಾಲ್ಕು ಸಾವಿರ ಪಟ್ಟು ಮುಟ್ಟುತ್ತದೆ. ಗುಂಡು ನಳಿಗೆ ದಾಟಿ ಹೊರಬರುವ ತನಕದ ಇಡೀ ವ್ಯವಹಾರ ಮುಗಿಯುವುದು ಸೆಕೆಂಡಿನ ಸಾವಿರದ ಒಂದೆರಡು ಭಾಗದಲ್ಲಿ.

ಮದ್ದನ್ನು ಅಳೆಯುವ ರೂಢಿಯ ಮಾನ ಗ್ರೇನ್. ಒಂದು ಗ್ರೇನ್ ಎಂದರೆ 64.8 ಮಿಲಿಗ್ರಾಂ. .308 ತೋಟೆಯಲ್ಲಿ ಹಿಡಿಸುವ ಮದ್ದು ಮೂರು ಗ್ರಾಂಗಿಂತ ತುಸು ಕಡಿಮೆ. ಇದರಲ್ಲಿ ಗ್ರೇನಿನ ಹತ್ತನೇ ಒಂದು ಭಾಗ, ಅಂದರೆ ಆರೂವರೆ ಮಿಲಿಗ್ರಾಂ, ಎರಡೂವರೆ ರಾಗಿಕಾಳಿನಷ್ಟು ತೂಗುತ್ತದೆ. ಅಷ್ಟು ಹೆಚ್ಚುಕಡಿಮೆಯಾದರೆ ಗುಂಡಿನ ವೇಗ ಸೆಕೆಂಡಿಗೆ ಸುಮಾರು 1.7 ಮೀಟರ್ ಬದಲಾಗುತ್ತದೆ. ಸಾವಿರ ಗಜದಲ್ಲಿ ಅದು ನಾಲ್ಕು ಸೆಂಟಿಮೀಟರಿಗೂ ಹೆಚ್ಚು. ಮದ್ದಿನ ಜಾತಿ, ಗುಂಡಿನ ತೂಕ, ನಳಿಗೆಯ ಉದ್ದಗಳಿಗೆ ತಕ್ಕಂತೆ ಈ ಅಂಕಿ ಒಂದಿಷ್ಟು ಆಚೀಚೆ ಆಗುತ್ತದೆ, ಆದರೆ.308ಕ್ಕೆ ಅಂದಾಜು ಇದೇ.

ಮದ್ದನ್ನು ಅಳೆಯಲು ಎರಡು ದಾರಿಗಳಿವೆ: ಪಾವಿನಲ್ಲಿ ಅಳೆದಂತೆ ಗಾತ್ರದಿಂದ, ಇಲ್ಲವೇ ತಕ್ಕಡಿಯಲ್ಲಿ ತೂಕದಿಂದ. ಗಾತ್ರದಿಂದ ಅಳೆಯುವ ಉಪಕರಣದಲ್ಲಿ ಮೇಲೆ ಮದ್ದಿನ ಡಬ್ಬಿ, ಅದರಡಿ ಗುಳಿಯಿರುವ ಒಂದು ಉರುಳೆ ಇರುತ್ತದೆ. ಹಿಡಿ ಮೇಲೆತ್ತಿದಾಗ ಗುಳಿ ತುಂಬುತ್ತದೆ, ಕೆಳಗಿಳಿಸಿದಾಗ ಅಷ್ಟೂ ಮದ್ದು ಕೊಳವೆಗೆ ಸುರಿಯುತ್ತದೆ. ದುಂಡುಕಾಳಿನ ಮದ್ದು ಇದರಲ್ಲಿ ಚೆನ್ನಾಗಿ ಹರಿದು ಸಮನಾಗಿ ತುಂಬುತ್ತದೆ. ಆದರೆ ದೂರದ ಸ್ಪರ್ಧಿಗಳು ಇಷ್ಟಪಡುವುದು ಸಾಮಾನ್ಯವಾಗಿ ಕಡ್ಡಿಚೂರಿನ ಮದ್ದನ್ನು. ಅದರಲ್ಲಿ ಹವೆಯ ಬಿಸಿ-ತಂಪಿಗೆ ಅಷ್ಟಾಗಿ ಬದಲಾಗದ ಜಾತಿಗಳು ಸಿಗುತ್ತವೆ. ಕಡ್ಡಿಚೂರುಗಳು ಗುಳಿಯಲ್ಲಿ ಒಮ್ಮೆ ಒತ್ತಾಗಿ ಮಲಗುತ್ತವೆ, ಇನ್ನೊಮ್ಮೆ ಅಡ್ಡಾದಿಡ್ಡಿ ನಿಂತು ನಡುವೆ ಖಾಲಿ ಉಳಿಸುತ್ತವೆ. ಉರುಳೆ ತಿರುಗುವಾಗ ಅಂಚಿಗೆ ಸಿಕ್ಕ ಚೂರುಗಳು ಕರಕ್ಕನೆ ತುಂಡಾಗುವುದು ಕೈಗೇ ಗೊತ್ತಾಗುತ್ತದೆ. ಹೀಗೆ ಸುರಿದ ಮದ್ದು ಬೇಕಾದ್ದಕ್ಕಿಂತ ಗ್ರೇನಿನ ಹತ್ತನೇ ಮೂರು ಭಾಗ ಹೆಚ್ಚೋ ಕಡಿಮೆಯೋ ಆಗುತ್ತಿದೆ ಎನ್ನೋಣ. ಅತಿ ಹೆಚ್ಚಿನದಕ್ಕೂ ಅತಿ ಕಡಿಮೆಯದಕ್ಕೂ ಹತ್ತನೇ ಆರು ಭಾಗದ ವ್ಯತ್ಯಾಸ. ವೇಗದಲ್ಲಿ ಸೆಕೆಂಡಿಗೆ 10 ಮೀಟರ್. ಹಲಗೆಯ ಮೇಲೆ 25 ಸೆಂಟಿಮೀಟರ್. ಹತ್ತು ಅಂಕದ ವೃತ್ತದ ಪೂರ್ತಿ ಎತ್ತರ ಅಲ್ಲಿಗೆ ಮುಗಿಯಿತು.

ಆದ್ದರಿಂದ ದೂರದ ಗುರಿಕಾರರು ತೂಗಿಯೇ ತುಂಬುತ್ತಾರೆ. ಉಪಕರಣದಿಂದ ಮೊದಲು ಸ್ವಲ್ಪ ಕಡಿಮೆ ಮದ್ದನ್ನು ತಟ್ಟೆಗೆ ಸುರಿದುಕೊಳ್ಳುತ್ತಾರೆ. ತಟ್ಟೆಯನ್ನು ತಕ್ಕಡಿಯ ಮೇಲಿಟ್ಟು, ಪಕ್ಕದ ಪುಟ್ಟ ನಳಿಕೆಯನ್ನು ಬೆರಳ ತುದಿಯಿಂದ ಮೆಲ್ಲಗೆ ತಿರುಗಿಸುತ್ತಾರೆ. ನಳಿಕೆ ತಿರುಗಿದಂತೆ ಕಡ್ಡಿಚೂರುಗಳು ಅದರ ತುದಿಗೆ ಬಂದು ಒಂದೊಂದಾಗಿ ತಟ್ಟೆಗೆ ಉದುರುತ್ತವೆ. ಈ ಸ್ಪರ್ಧೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ವಾರ್ಗೆಟ್ ಎಂಬ ಮದ್ದಿನ ಒಂದು ಚೂರು ಗ್ರೇನಿನ ಐವತ್ತನೇ ಒಂದು ಭಾಗದಷ್ಟು ತೂಗುತ್ತದೆ. ಐದು ಚೂರು ಸೇರಿದರೆ ಗ್ರೇನಿನ ಹತ್ತನೇ ಒಂದು ಭಾಗ. ಕೊನೆಯ ಎರಡು ಮೂರು ಚೂರು ಬೀಳುವಾಗ ಕೈ ನಿಲ್ಲುತ್ತದೆ, ತಕ್ಕಡಿಯ ಅಂಕಿ ಸ್ಥಿರವಾಗುವ ತನಕ ಕಾಯಬೇಕಾಗುತ್ತದೆ. ಒಂದು ಚೂರು ಹೆಚ್ಚಾಗಿ ಬಿದ್ದರೆ ಅದನ್ನು ಚಿಮಟದಿಂದ ಎತ್ತಿ ಹಾಕುವವರಿದ್ದಾರೆ.

ತಕ್ಕಡಿ ಎಂಥದು ಎಂಬುದೂ ಇಲ್ಲಿ ಮುಖ್ಯ. ಸಾಮಾನ್ಯ ಎಲೆಕ್ಟ್ರಾನಿಕ್ ತಕ್ಕಡಿ ಗ್ರೇನಿನ ಹತ್ತನೇ ಒಂದು ಭಾಗದವರೆಗೆ ಅಂಕಿ ತೋರಿಸುತ್ತದೆ. ಆದರೆ ತೋರಿಸುವ ಅಂಕಿಯೇ ನಿಜವಾದ ತೂಕ ಎಂದು ನಂಬುವಂತಿಲ್ಲ. ಅದೇ ಅಂಕಿ ಕಾಣಿಸುತ್ತಿದ್ದರೂ ನಿಜವಾದ ತೂಕ ಹತ್ತನೇ ಒಂದು ಭಾಗ ಮೇಲಿರಬಹುದು ಅಥವಾ ಕೆಳಗಿರಬಹುದು. ಆ ಅಂತರಕ್ಕೇ ಹಲಗೆಯ ಮೇಲೆ ಎಂಟು ಸೆಂಟಿಮೀಟರಿಗಿಂತ ಹೆಚ್ಚು ಹೋಗುತ್ತದೆ. ಇಂಥ ತಕ್ಕಡಿಗಳ ಇನ್ನೊಂದು ಕಾಯಿಲೆ ಅಂಕಿ ಜಾರುವುದು: ಫ್ಯಾನಿನ ಗಾಳಿ, ಕೋಣೆಯ ಉಷ್ಣತೆ, ಒಣಹವೆಯಲ್ಲಿ ಹುಟ್ಟುವ ಸ್ಥಿರ ವಿದ್ಯುತ್ತು ಇವುಗಳಿಂದ ಸೊನ್ನೆಯೇ ಮೆಲ್ಲಗೆ ಸರಿಯುತ್ತದೆ. ಪತ್ತೆ ಹಚ್ಚುವುದು ಸುಲಭ. ಸೊನ್ನೆ ಮಾಡಿದ ಬಳಿಕ ಖಾಲಿ ತಟ್ಟೆಯನ್ನು ಎತ್ತಿದಾಗ ತಕ್ಕಡಿ ಒಂದು ಋಣ ಅಂಕಿಯನ್ನು ತೋರಿಸುತ್ತದೆ. ಪ್ರತಿ ಸಲ ತಟ್ಟೆ ಎತ್ತಿದಾಗಲೂ ಅದೇ ಅಂಕಿ ಬರಬೇಕು. ಬದಲಾದರೆ ಸೊನ್ನೆ ಸರಿದಿದೆ ಎಂದರ್ಥ. ಮಧ್ಯೆ ಮಧ್ಯೆ ಗೊತ್ತಿರುವ ಪರೀಕ್ಷಾ ತೂಕವನ್ನಿಟ್ಟು ನೋಡುವುದೂ ಅಭ್ಯಾಸ. ಪ್ರಮುಖ ಸ್ಪರ್ಧಿಗಳು ಈಗ ಪ್ರಯೋಗಾಲಯದ ಬಗೆಯ ತಕ್ಕಡಿಗೆ ಹೋಗಿದ್ದಾರೆ. ವಿದ್ಯುತ್ಕಾಂತದ ಬಲದಿಂದ ತಟ್ಟೆಯನ್ನು ಸಮತೋಲಕ್ಕೆ ತಂದು ಅಳೆಯುವ ಈ ತಕ್ಕಡಿಗಳು ಒಂದು ಮಿಲಿಗ್ರಾಂವರೆಗೆ ತೋರಿಸುತ್ತವೆ, ಅಂದರೆ ಒಂದು ಚೂರು ಹೆಚ್ಚಾದರೂ ಗೊತ್ತಾಗುತ್ತದೆ.

ಇಲ್ಲಿ ಒಂದು ಪ್ರಶ್ನೆ ಸಹಜವಾಗಿ ಏಳುತ್ತದೆ: ಒಂದೊಂದು ಚೂರನ್ನೂ ಎಣಿಸುವಷ್ಟು ನಿಖರತೆ ನಿಜಕ್ಕೂ ಬೇಕೇ? ಉತ್ತರ ಉಳಿದ ದೋಷಗಳು ಎಷ್ಟಿವೆ ಎಂಬುದರ ಮೇಲೆ ನಿಂತಿದೆ. ಮದ್ದನ್ನು ಎಷ್ಟೇ ಸಮನಾಗಿ ತೂಗಿದರೂ ವೇಗ ಪೂರ್ತಿ ಸಮನಾಗುವುದಿಲ್ಲ. ಹಿತ್ತಾಳೆ ಕೊಳವೆಯ ಗೋಡೆ ಒಂದರಲ್ಲಿ ದಪ್ಪ, ಇನ್ನೊಂದರಲ್ಲಿ ತೆಳು ಇದ್ದರೆ ಒಳಗಿನ ಜಾಗ ಬದಲಾಗುತ್ತದೆ. ಜಾಗ ಕಡಿಮೆಯಾದರೆ ಅದೇ ಮದ್ದು ಹೆಚ್ಚು ಒತ್ತಡ ಹುಟ್ಟಿಸುತ್ತದೆ. ಕೊಳವೆಯ ಕತ್ತು ಗುಂಡನ್ನು ಹಿಡಿಯುವ ಬಿಗಿ ಸಹ ಒಂದೇ ಸಮ ಇರುವುದಿಲ್ಲ. ಪದೇ ಪದೇ ಬಳಸಿದ ಹಿತ್ತಾಳೆ ಗಡುಸಾಗುತ್ತ ಹೋಗುತ್ತದೆ. ಅದಕ್ಕೇ ಹಲವರು ಕತ್ತಿನ ಭಾಗವನ್ನು ಕಾಯಿಸಿ ಮೆದು ಮಾಡಿಕೊಳ್ಳುತ್ತಾರೆ. ಕೇಪುಗಳ ಕಿಡಿಯೂ ಒಂದೇ ಥರ ಇರುವುದಿಲ್ಲ.

ಇವೆಲ್ಲ ಸೇರಿದಾಗ ದೋಷಗಳು ನೇರವಾಗಿ ಕೂಡುವುದಿಲ್ಲ, ಅವುಗಳ ವರ್ಗಗಳು ಕೂಡುತ್ತವೆ. ಕೇಪು, ಕೊಳವೆ, ಕತ್ತಿನ ಬಿಗಿ ಇವುಗಳಿಂದ ಬರುವ ವೇಗದ ಏರಿಳಿತದ ಪ್ರಮಾಣವಿಚಲನೆ ಸೆಕೆಂಡಿಗೆ 2.4 ಮೀಟರ್ ಎನ್ನೋಣ. ಅಳತೆ ಉಪಕರಣದಿಂದ ಮದ್ದನ್ನು ಸುಮ್ಮನೆ ಸುರಿದು, ಅದರಿಂದಲೇ 3.4 ಮೀಟರಿನ ವಿಚಲನೆ ಬಂದರೆ ಎರಡೂ ಸೇರಿ 4.2 ಆಗುತ್ತದೆ. ಇಪ್ಪತ್ತು ಗುಂಡುಗಳ ಒಂದು ಸರಣಿಯಲ್ಲಿ ಅತಿ ವೇಗದ್ದಕ್ಕೂ ಅತಿ ನಿಧಾನದ್ದಕ್ಕೂ ಇರುವ ಅಂತರ ವಿಚಲನೆಯ ಸುಮಾರು 3.7 ಪಟ್ಟು. ಅಂದರೆ ಸುಮಾರು 15.5 ಮೀಟರ್. ಹಲಗೆಯ ಮೇಲೆ 39 ಸೆಂಟಿಮೀಟರ್. ವೃತ್ತದಿಂದ ಗುಂಡುಗಳು ಮೇಲೂ ಕೆಳಗೂ ಹೊರಬೀಳುತ್ತವೆ. ಮದ್ದನ್ನು ಒಳ್ಳೆಯ ತಕ್ಕಡಿಯಲ್ಲಿ ತೂಗಿ ಅದರ ಪಾಲನ್ನು 0.8ಕ್ಕೆ ಇಳಿಸಿದರೆ ಒಟ್ಟು 2.5 ಆಗುತ್ತದೆ, ಹಲಗೆಯ ಮೇಲೆ 23 ಸೆಂಟಿಮೀಟರ್, ವೃತ್ತದೊಳಗೆ. ಇದು ದೊಡ್ಡ ಗಳಿಕೆ. ಇನ್ನು ಮದ್ದಿನ ದೋಷವನ್ನು ಸೊನ್ನೆಗೇ ತಂದರೂ ಒಟ್ಟು 2.5ರಿಂದ 2.4ಕ್ಕೆ ಇಳಿಯುತ್ತದೆ, ಅಷ್ಟೇ. ಆ ಹಂತದಲ್ಲಿ ದುಬಾರಿ ತಕ್ಕಡಿಗೆ ಹಣ ಸುರಿಯುವುದಕ್ಕಿಂತ ಹಿತ್ತಾಳೆಯನ್ನು ಒಂದೇ ಲಾಟಿನಿಂದ ಆರಿಸಿಕೊಳ್ಳುವುದು, ಕತ್ತಿನ ಬಿಗಿಯನ್ನು ಸಮ ಮಾಡುವುದು ಹೆಚ್ಚು ಫಲ ಕೊಡುತ್ತದೆ. ಅವೂ ಸುಧಾರಿಸಿ ಉಳಿದ ವಿಚಲನೆ 1.2ಕ್ಕೆ ಬಂದಾಗ ಮಾತ್ರ ಮದ್ದಿನ ಆ 0.8 ಮತ್ತೆ ಎದ್ದು ಕಾಣತೊಡಗುತ್ತದೆ. ಒಂದೊಂದು ಚೂರಿನ ಲೆಕ್ಕಕ್ಕೆ ಅರ್ಥ ಬರುವುದು ಅಲ್ಲಿ.

ತೂಕ ಎಷ್ಟಿರಬೇಕು ಎಂಬುದು ಇನ್ನೊಂದು ಕೆಲಸ. ಮದ್ದಿನ ತಯಾರಕರು ಮತ್ತು ಗುಂಡಿನ ತಯಾರಕರು ಪ್ರಯೋಗಾಲಯದಲ್ಲಿ ಒತ್ತಡ ಅಳೆದು, ಪ್ರತಿ ಜೋಡಣೆಗೂ ಆರಂಭದ ತೂಕ ಮತ್ತು ಮೀರಬಾರದ ಗರಿಷ್ಠ ತೂಕವನ್ನು ಪಟ್ಟಿ ಮಾಡಿ ಪ್ರಕಟಿಸುತ್ತಾರೆ. ಶೂಟರ್ ಕೆಳಗಿನಿಂದ ಆರಂಭಿಸಿ ಸ್ವಲ್ಪ ಸ್ವಲ್ಪವೇ ಏರಿಸುತ್ತ, ಪ್ರತಿ ಮೆಟ್ಟಿಲಿನಲ್ಲೂ ಕೆಲವು ಗುಂಡು ಹಾರಿಸಿ ವೇಗವನ್ನೂ ಗುಂಡು ಬಿದ್ದ ಜಾಗವನ್ನೂ ಬರೆದಿಟ್ಟುಕೊಳ್ಳುತ್ತಾರೆ. ತೂಕ ಕೊಂಚ ಏರಿದರೂ ಗುಂಡು ಬೀಳುವ ಎತ್ತರ ಹೆಚ್ಚು ಬದಲಾಗದ ಒಂದು ವಲಯವನ್ನು ಹುಡುಕುವುದು ಗುರಿ. ಅಂಥ ವಲಯದ ಹಿಂದೆ ಒಂದು ಕಾರಣವೂ ಇದೆ: ಗುಂಡು ಒಳಗಿರುವಾಗ ನಳಿಗೆ ನಡುಗುತ್ತಿರುತ್ತದೆ, ಅದರ ತುದಿ ಮೇಲೆ ಕೆಳಗೆ ಆಡುತ್ತಿರುತ್ತದೆ. ತುದಿ ಮೇಲೇರುತ್ತಿರುವಾಗ ಗುಂಡು ಹೊರಬಿದ್ದರೆ, ನಿಧಾನದ ಗುಂಡು ತುಸು ತಡವಾಗಿ, ತುಸು ಹೆಚ್ಚು ಎತ್ತರಕ್ಕೆ ಹೊರಡುತ್ತದೆ. ಅದರ ಹೆಚ್ಚಿನ ಕುಸಿತವನ್ನು ಈ ಎತ್ತರ ಒಂದಿಷ್ಟು ಸರಿದೂಗಿಸುತ್ತದೆ. ಹಳೆಯ ಲೀ-ಎನ್‌ಫೀಲ್ಡ್ ಸೇನಾ ರೈಫಲ್‌ಗಳು ದೂರದಲ್ಲಿ ನಿರೀಕ್ಷೆಗಿಂತ ಚೆನ್ನಾಗಿ ಹೊಡೆಯುತ್ತಿದ್ದುದಕ್ಕೆ ಇದೇ ಕಾರಣವೆಂದು ಬಿಸ್ಲಿಯ ಗುರಿಕಾರರು ಬಹಳ ಹಿಂದೆಯೇ ಗುರುತಿಸಿದ್ದರು.

ಈ ಹುಡುಕಾಟದಲ್ಲಿ ಮೋಸಹೋಗುವುದು ಸುಲಭ. ಒಂದೊಂದು ತೂಕಕ್ಕೆ ಮೂರೇ ಗುಂಡು ಹಾರಿಸಿ, ಯಾವುದೋ ಒಂದು ತೂಕದಲ್ಲಿ ವೇಗಗಳು ಹತ್ತಿರ ಬಂದವೆಂದು ಅದನ್ನೇ ಹಿಡಿದುಕೊಳ್ಳುವುದು ಸಾಮಾನ್ಯ ತಪ್ಪು. ಮೂರು ಗುಂಡುಗಳು ಕಾಕತಾಳೀಯವಾಗಿ ಒಂದೇ ವೇಗ ತೋರಿಸಬಹುದು. ಮರುದಿನ ಅದೇ ತೂಕದ ಇಪ್ಪತ್ತು ತೋಟೆ ಹಾರಿಸಿದರೆ ಆ ಸೊಗಸು ಮಾಯವಾಗಿರುತ್ತದೆ. ವೇಗದ ವಿಚಲನೆಯ ಬಗ್ಗೆ ನಂಬಬಹುದಾದ ಮಾತು ಹೇಳಲು ಇಪ್ಪತ್ತು ಮೂವತ್ತು ಗುಂಡುಗಳಾದರೂ ಬೇಕು. ಮದ್ದಿನ ಡಬ್ಬಿ ಮುಗಿದು ಬೇರೆ ಲಾಟಿನ ಡಬ್ಬಿ ಬಂದಾಗ ಈ ಕೆಲಸವನ್ನು ಮತ್ತೊಮ್ಮೆ ಮಾಡಬೇಕಾಗುತ್ತದೆ. ಹೆಸರು ಅದೇ ಇದ್ದರೂ ಲಾಟಿನಿಂದ ಲಾಟಿಗೆ ಉರಿಯ ವೇಗ ಸ್ವಲ್ಪ ಬದಲಾಗುತ್ತದೆ. ಅದಕ್ಕೇ ಸ್ಪರ್ಧಿಗಳು ಒಂದು ಋತುವಿಗೆ ಬೇಕಾಗುವಷ್ಟು ಮದ್ದನ್ನು ಒಂದೇ ಲಾಟಿನಿಂದ ಕೊಂಡಿಡುತ್ತಾರೆ. ಡಬ್ಬಿಯ ಬಾಯಿ ತೆರೆದಿಟ್ಟರೆ ಮದ್ದು ಹವೆಯ ತೇವವನ್ನು ಹೀರುತ್ತದೆ ಅಥವಾ ಒಣಗುತ್ತದೆ. ಆಗ ತಕ್ಕಡಿ ಅದೇ ತೂಕ ತೋರಿಸಿದರೂ ಅದರಲ್ಲಿ ಮದ್ದೆಷ್ಟು ನೀರೆಷ್ಟು ಎಂಬುದು ಬದಲಾಗಿರುತ್ತದೆ.

ತಪ್ಪು ಮದ್ದಿನದೋ ಅಲ್ಲವೋ ಎಂಬುದನ್ನು ಹಲಗೆಯೇ ಬಹುಮಟ್ಟಿಗೆ ಹೇಳುತ್ತದೆ. ಗುಂಡುಗಳು ಎಡಬಲಕ್ಕೆ ಹರಡಿದ್ದರೆ ಅದು ಸಾಮಾನ್ಯವಾಗಿ ಗಾಳಿಯ ಅಂದಾಜಿನ ತಪ್ಪು. ಗಾಳಿ ಒಂದಿಷ್ಟು ಬದಲಾದರೂ ಸಾವಿರ ಗಜದಲ್ಲಿ ಗುಂಡು ಒಂದು ವೃತ್ತದಿಂದ ಇನ್ನೊಂದಕ್ಕೆ ಸರಿದುಬಿಡುತ್ತದೆ. ಮೇಲೆ ಕೆಳಗೆ ಉದ್ದವಾಗಿ ಹರಡಿದ್ದರೆ ವೇಗವನ್ನು ಅನುಮಾನಿಸಬೇಕು. ವೇಗಮಾಪಕದ ಅಂಕಿಗಳನ್ನು ಪಕ್ಕದಲ್ಲಿಟ್ಟು ನೋಡಿದಾಗ, ಮೇಲೆ ಬಿದ್ದವು ವೇಗದ ಗುಂಡುಗಳೇ, ಕೆಳಗೆ ಬಿದ್ದವು ನಿಧಾನದವೇ ಆಗಿದ್ದರೆ ತಪ್ಪು ತೋಟೆಯಲ್ಲಿದೆ. ವೇಗವೆಲ್ಲ ಸಮನಾಗಿದ್ದೂ ಗುಂಡುಗಳು ಮೇಲೆ ಕೆಳಗೆ ಬಿದ್ದರೆ ಆಸರೆಯನ್ನೋ ರೈಫಲ್ ಹಿಡಿದ ರೀತಿಯನ್ನೋ ನೋಡಬೇಕು. ಕೆಲವೊಮ್ಮೆ ತೋಟೆ ಸರಿಯಿದ್ದರೂ ಒಂದೇ ಗುಂಡು ಮೇಲೆ ಹಾರುತ್ತದೆ. ಗಾಳಿ ನಿಲ್ಲಲೆಂದು ಕಾಯುತ್ತ, ಬಿಸಿಯಾದ ಚೇಂಬರಿನಲ್ಲಿ ತೋಟೆಯನ್ನು ಹಾಗೆಯೇ ಬಿಟ್ಟಿದ್ದರೆ ಮದ್ದು ಕಾದು ಜೋರಾಗಿ ಉರಿಯುತ್ತದೆ. ತಕ್ಕಡಿಯ ನಿಖರತೆಯೆಲ್ಲ ಅಲ್ಲಿ ವ್ಯರ್ಥ.

ದೂರ ಕಡಿಮೆಯಾದರೆ ಈ ಲೆಕ್ಕಾಚಾರವೇ ಬೇರೆಯಾಗುತ್ತದೆ. ನೂರು ಮತ್ತು ಇನ್ನೂರು ಗಜದ ಬೆಂಚ್‌ರೆಸ್ಟ್ ಸ್ಪರ್ಧೆಯಲ್ಲಿ ಐದೋ ಹತ್ತೋ ಗುಂಡುಗಳು ಸಾಧ್ಯವಾದಷ್ಟು ಚಿಕ್ಕ ಗುಂಪಾಗಿ ಬೀಳಬೇಕು. 1970ರ ದಶಕದಲ್ಲಿ ಲೂ ಪಾಲ್ಮಿಸಾನೊ ಮತ್ತು ಫೆರಿಸ್ ಪಿಂಡೆಲ್ ರೂಪಿಸಿದ 6 ಪಿಪಿಸಿ ತೋಟೆ ಇಂದಿಗೂ ಅಲ್ಲಿ ಆಳುತ್ತಿದೆ. ಅಚ್ಚರಿಯೆಂದರೆ, ಜಗತ್ತಿನ ಅತ್ಯಂತ ಚಿಕ್ಕ ಗುಂಪುಗಳನ್ನು ಹೊಡೆಯುವ ಈ ಜನ ಮದ್ದನ್ನು ತೂಗುವುದು ಕಡಿಮೆ. ಮೈದಾನದ ಬದಿಯ ಮೇಜಿನಲ್ಲೇ ಉಪಕರಣದಿಂದ ಗಾತ್ರದಲ್ಲಿ ಸುರಿದು, ಎರಡು ಸುತ್ತುಗಳ ನಡುವೆ ಹವೆ ನೋಡಿ ಅಳತೆಯನ್ನು ಒಂದೆರಡು ಗೆರೆ ಆಚೀಚೆ ಮಾಡಿ ತುಂಬುತ್ತಾರೆ. ಕಾರಣ ಲೆಕ್ಕದಲ್ಲೇ ಇದೆ. ಸಾವಿರ ಗಜದಲ್ಲಿ ಏಳೂವರೆ ಸೆಂಟಿಮೀಟರ್ ಹಾಳುಮಾಡುವ ಸೆಕೆಂಡಿಗೆ 3 ಮೀಟರಿನ ವ್ಯತ್ಯಾಸ, ಅದೇ .308ರಲ್ಲಿ ನೂರು ಗಜಕ್ಕೆ ಅರ್ಧ ಮಿಲಿಮೀಟರಷ್ಟೇ. ದೂರ ಹತ್ತು ಪಟ್ಟು, ದೋಷ ನೂರೈವತ್ತು ಪಟ್ಟು. ಆ ಅಲ್ಪ ದೂರದಲ್ಲಿ ಗುಂಡಿನ ಗುಣಮಟ್ಟ, ನಳಿಗೆಯ ನಡುಕ, ಗಾಳಿಪಟ್ಟಿ ಓದುವ ಕಣ್ಣು ಇವೇ ಗೆಲುವನ್ನು ನಿರ್ಧರಿಸುತ್ತವೆ.

ಸಮತೂಕಕ್ಕೆ ಗುರಿಯಷ್ಟೇ ಕಾರಣವಲ್ಲ, ಜೀವವೂ ಕಾರಣ. ಒತ್ತಡ ಮದ್ದಿಗಿಂತ ಚುರುಕಾಗಿ ಏರುವುದರಿಂದ ಗರಿಷ್ಠದ ಅಂಚಿನಲ್ಲಿ ತುಂಬಿದ ತೋಟೆಯಲ್ಲಿ ಚಿಕ್ಕ ತಪ್ಪೂ ಅಪಾಯ. ಒತ್ತಡ ಮೀರುತ್ತಿದೆ ಎಂಬುದಕ್ಕೆ ಗುರುತುಗಳಿವೆ: ಹಾರಿದ ಕೇಪು ಚಪ್ಪಟೆಯಾಗಿರುತ್ತದೆ, ಬೋಲ್ಟ್ ಎತ್ತಲು ಬಿಗಿಯಾಗುತ್ತದೆ, ಕೊಳವೆಯ ಬುಡದಲ್ಲಿ ಹೊಳೆಯುವ ಒತ್ತುಗುರುತು ಮೂಡುತ್ತದೆ. ಇವು ಕಂಡರೆ ತೂಕ ಇಳಿಸಬೇಕು. ಆದರೆ ಇವು ಕಾಣಿಸಲಿಲ್ಲ ಎಂದ ಮಾತ್ರಕ್ಕೆ ಒತ್ತಡ ಮಿತಿಯಲ್ಲಿದೆ ಎನ್ನಲಾಗದು. ಬೇರೆ ಕಂಪನಿಯ ಕೊಳವೆಗೆ ಬದಲಾಯಿಸಿ ಹಳೆಯ ತೂಕವನ್ನೇ ತುಂಬುವುದು ಒಂದು ಹಳೆಯ ಎಡವಟ್ಟು: ಗೋಡೆ ದಪ್ಪವಿರುವ ಕೊಳವೆಯಲ್ಲಿ ಜಾಗ ಕಡಿಮೆಯಿದ್ದು ಒತ್ತಡ ಏರಿಬಿಡುತ್ತದೆ. ಅತಿ ದೊಡ್ಡ ಅನಾಹುತ ಆಗುವುದು ಡಬ್ಬಿ ಅದಲುಬದಲಾದಾಗ. ಬೇಗ ಉರಿಯುವ ಪಿಸ್ತೂಲಿನ ಮದ್ದನ್ನು ರೈಫಲ್ ತೋಟೆಗೆ ತುಂಬಿದರೆ ರೈಫಲ್ಲೇ ಸಿಡಿಯಬಹುದು. ಅದಕ್ಕೇ ಅನುಭವಿಗಳ ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಮದ್ದಿನ ಡಬ್ಬಿ ಇರುತ್ತದೆ, ಗುಂಡು ಕೂರಿಸುವ ಮುನ್ನ ಸಾಲಿನ ಎಲ್ಲ ಕೊಳವೆಗಳೊಳಗೂ ಬೆಳಕು ಬಿಟ್ಟು ಮದ್ದಿನ ಮಟ್ಟವನ್ನು ನೋಡುತ್ತಾರೆ.

ಎಲ್ಲ ಸ್ಪರ್ಧೆಯೂ ಕೈ ತುಂಬುವಿಕೆಯನ್ನು ಬೇಡುವುದಿಲ್ಲ. ಇಂಗ್ಲೆಂಡಿನ ಬಿಸ್ಲಿಯಲ್ಲಿ ನಡೆಯುವ ಟಾರ್ಗೆಟ್ ರೈಫಲ್ ಸ್ಪರ್ಧೆಗಳಲ್ಲಿ ಸಂಘಟಕರೇ ಎಲ್ಲರಿಗೂ ಒಂದೇ ತೋಟೆ ಹಂಚುವ ಪದ್ಧತಿ ಹಳೆಯದು. ಅಲ್ಲಿ ತೋಟೆಯ ದೋಷ ಎಲ್ಲರಿಗೂ ಸಮಾನ. ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಬಳಸುವ .22 ತೋಟೆಯನ್ನು ಮತ್ತೆ ತುಂಬಲು ಬರುವುದಿಲ್ಲ, ಏಕೆಂದರೆ ಅದಕ್ಕೆ ಪ್ರತ್ಯೇಕ ಕೇಪು ಇಲ್ಲ, ಸ್ಫೋಟಕ ಲೇಪ ಬುಡದ ಅಂಚಿನೊಳಗೇ ಇರುತ್ತದೆ. ಭಾರತದ ರೈಫಲ್ ಶೂಟರ್‌ಗಳು ಹೆಚ್ಚಾಗಿ ಇದರಲ್ಲಿ ಮತ್ತು ಏರ್ ರೈಫಲ್‌ನಲ್ಲಿ ಸ್ಪರ್ಧಿಸುವವರು. ಮದ್ದುಗುಂಡು ತಯಾರಿಕೆಯೂ ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿಗೆ ಒಳಪಟ್ಟಿದೆ. .22ರವರು ಸಮತೆಯನ್ನು ಇನ್ನೊಂದು ದಾರಿಯಿಂದ ಹುಡುಕುತ್ತಾರೆ. ತಮ್ಮ ರೈಫಲ್ ಅಥವಾ ಅದರ ನಳಿಗೆಯನ್ನು ತಯಾರಕರ ಪರೀಕ್ಷಾ ಕೇಂದ್ರಕ್ಕೆ ಒಯ್ದು, ಭದ್ರವಾದ ಹಿಡಿಕೆಯಲ್ಲಿ ಕೂರಿಸಿ, ಒಂದೊಂದು ಲಾಟಿನ ತೋಟೆಯನ್ನೂ ಹಾರಿಸಿ ನೋಡುತ್ತಾರೆ. ಅತಿ ಚಿಕ್ಕ ಗುಂಪು ಕೊಟ್ಟ ಲಾಟನ್ನು ಗುರುತಿಟ್ಟುಕೊಂಡು, ಆ ಸಂಖ್ಯೆಯ ತೋಟೆಯನ್ನೇ ಸಾವಿರಗಟ್ಟಲೆ ಕೊಳ್ಳುತ್ತಾರೆ.